ಒಂದೇ ಕಾಗದ, ಒಂದೇ ತಾರೀಖು

ಬೇಸಿಗೆಯ ಕುಡಿಯುವ ನೀರಿನ ಟಾಸ್ಕ್ ಫೋರ್ಸ್ ಸಭೆ. ಶಾಸಕರು ಕೇಳಿದ್ದು ಒಂದೇ ಪ್ರಶ್ನೆ: "ತಾಲ್ಲೂಕಿನಲ್ಲಿ ಈವತ್ತು ನೀರಿಗೆ ತೊಂದರೆ ಇರೋ ಊರು ಎಷ್ಟು?" ಗ್ರಾಮೀಣ ಕುಡಿಯುವ ನೀರು ಉಪವಿಭಾಗದ ಎಇಇ 23 ಅಂದರು. ತಹಶೀಲ್ದಾರರು 17 ಅಂದರು. ತಾಲ್ಲೂಕು ಪಂಚಾಯಿತಿಯ ಪಟ್ಟಿಯಲ್ಲಿ 31 ಇತ್ತು. ಮುಂದಿನ ಅರ್ಧ ಗಂಟೆ ಯಾರ ಲೆಕ್ಕ ಸರಿ ಅನ್ನುವುದರಲ್ಲೇ ಕಳೆಯಿತು. ನಾಳೆ ಬೆಳಿಗ್ಗೆ ಯಾವ ಊರಿಗೆ ಟ್ಯಾಂಕರ್ ಹೋಗಬೇಕು ಅನ್ನುವ ಮಾತು ಬರುವ ಹೊತ್ತಿಗೆ ಊಟದ ಸಮಯವಾಗಿತ್ತು.

ಗೋಡೆ ಪಕ್ಕದ ಸಾಲಿನಲ್ಲಿ ಫೈಲು ಹಿಡಿದು ಕುಳಿತಿದ್ದ ವಿಷಯ ನಿರ್ವಾಹಕ ನಾನು. ಎಲ್ಲ ಇಲಾಖೆಗಳಿಂದ ಮಾಹಿತಿ ತರಿಸಿ ಸಭೆಯ ಪುಸ್ತಿಕೆ ಮಾಡಿದ್ದೂ ನಾನೇ. ಸಭೆ ಮುಗಿದ ಮೇಲೆ ನಮ್ಮ ಕಾರ್ಯನಿರ್ವಾಹಕ ಅಧಿಕಾರಿ ಮೇಡಂ ಕರೆಸಿದರು. ಬೈಗುಳಕ್ಕೆ ಸಿದ್ಧನಾಗಿ ಹೋದೆ. ಅವರು ಕೇಳಿದ್ದು ಬೇರೆ: "ಅವರು ಕೊಟ್ಟ ಉತ್ತರ ಇರಲಿ. ನಾವು ಕೇಳಿದ ಕಾಗದ ಎಲ್ಲಿ, ಅದನ್ನು ತೋರಿಸಿ."

ಕಾಗದ ತೋರಿಸಿದೆ. ಅದರಲ್ಲಿ ಇದ್ದದ್ದು ಇಷ್ಟು: "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮ್ಮ ಇಲಾಖಾ ವ್ಯಾಪ್ತಿಯಲ್ಲಿ ಕುಡಿಯುವ ನೀರಿನ ಸಮಸ್ಯೆ ಇರುವ ಗ್ರಾಮಗಳ ವಿವರ ಹಾಗೂ ಕೈಗೊಂಡ ಕ್ರಮದ ಬಗ್ಗೆ ಸಮಗ್ರ ಮಾಹಿತಿಯನ್ನು ಕೂಡಲೇ ಈ ಕಚೇರಿಗೆ ಸಲ್ಲಿಸಲು ಸೂಚಿಸಿದೆ." ವಿಷಯದ ಮೇಲೆ ಕೆಂಪು ಶಾಯಿಯಲ್ಲಿ 'ಅತಿ ತುರ್ತು' ಎಂಬ ಮೊಹರು. ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಈ ವಾಕ್ಯ ಬಾಯಿಪಾಠ. ವರ್ಷಗಟ್ಟಲೆ ನಾನೂ ಇದನ್ನೇ ಹೆಸರು, ತಾರೀಖು ಬದಲಿಸಿ ಕಳುಹಿಸುತ್ತಿದ್ದೆ.

ಮೇಡಂ ಒಂದೊಂದು ಪದದ ಮೇಲೂ ಪೆನ್ನಿಟ್ಟು ಕೇಳಿದರು. ಸಮಸ್ಯೆ ಅಂದರೆ ಏನು? ಗ್ರಾಮ ಅಂದರೆ ಯಾವುದು? ಯಾವ ದಿನದ ಸ್ಥಿತಿ? ಸಮಗ್ರ ಅಂದರೆ ಎಷ್ಟು? ಕೂಡಲೇ ಅಂದರೆ ಯಾವಾಗ? ಒಂದಕ್ಕೂ ನನ್ನಲ್ಲಿ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದ ಐದು ಕಚೇರಿಗಳೂ ತಮತಮಗೆ ತೋಚಿದ ಅರ್ಥ ಹಚ್ಚಿಕೊಂಡಿದ್ದವು.

ಆ ಮೂರು ಅಂಕಿ ಎಲ್ಲಿಂದ ಬಂದವು ಎಂದು ಎರಡು ದಿನ ಕೂತು ಬಿಡಿಸಿದೆವು. ಕುಡಿಯುವ ನೀರು ಉಪವಿಭಾಗದವರು ಎಣಿಸಿದ್ದು ಜನವಸತಿಗಳನ್ನು, ಅಂದರೆ ಮೂಲ ಊರು, ಅದರ ಹಟ್ಟಿ, ತಾಂಡಾ, ಕಾಲೊನಿ ಎಲ್ಲವನ್ನೂ ಬೇರೆ ಬೇರೆಯಾಗಿ. ಅವರ ಲೆಕ್ಕದಲ್ಲಿ ಬೋರ್‌ವೆಲ್ ಇಳುವರಿ ಕುಸಿದ ಕಡೆಯೆಲ್ಲ ಸಮಸ್ಯೆ. ತಹಶೀಲ್ದಾರ್ ಕಚೇರಿಯವರು ಎಣಿಸಿದ್ದು ಕಂದಾಯ ಗ್ರಾಮಗಳನ್ನು, ಅದರಲ್ಲೂ ಟ್ಯಾಂಕರ್ ಬಿಲ್ ಬಂದಿರುವವನ್ನು ಮಾತ್ರ. ನಮ್ಮ 31ರಲ್ಲಿ ಪಿಡಿಒಗಳಿಗೆ ಜನ ದೂರು ಕೊಟ್ಟ ಊರುಗಳೆಲ್ಲ ಇದ್ದವು. ಮೋಟಾರು ಸುಟ್ಟು ಎರಡೇ ದಿನ ನೀರು ನಿಂತಿದ್ದ ಊರೂ ಅದರಲ್ಲಿ ಸೇರಿತ್ತು. ಮೂವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಮೂರು ಬೇರೆ ಪ್ರಶ್ನೆಗಳಿಗೆ ಮೂರು ಸರಿಯಾದ ಉತ್ತರ ಬಂದಿತ್ತು, ಅಷ್ಟೆ.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಒಂದು ಗೊಲ್ಲರಹಟ್ಟಿ. ಮೂಲ ಊರಿನಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ ಐವತ್ತು ಮನೆ. ಕಂದಾಯ ದಾಖಲೆಯಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿಲ್ಲ, ಮೂಲ ಊರಿನೊಳಗೇ ಸೇರಿದೆ. ಮೂಲ ಊರಿಗೆ ನೀರು ಬರುತ್ತಿತ್ತು. ಹೀಗಾಗಿ ಗ್ರಾಮವಾರು ಪಟ್ಟಿಯಲ್ಲಿ ಹಟ್ಟಿ ಕಾಣಿಸಲೇ ಇಲ್ಲ, ಟ್ಯಾಂಕರೂ ಹೋಗಲಿಲ್ಲ. ಕಾಗದದಲ್ಲಿ 'ಗ್ರಾಮ' ಎಂದು ಬರೆದ ಒಂದು ಪದಕ್ಕೆ ಐವತ್ತು ಮನೆಯವರು ಮೂಲ ಊರಿನ ಸಿಸ್ಟನ್‌ನಿಂದ ಬಿಂದಿಗೆ ಹೊತ್ತರು.

ಮುಂದಿನ ಸಭೆ 18ನೇ ತಾರೀಖು ಮಂಗಳವಾರ ಬೆಳಿಗ್ಗೆ 11ಕ್ಕೆ ಎಂದು ನಿಗದಿಯಾಯಿತು. ಮೇಡಂ ಈ ಸಲ ಕಾಗದ ಬರೆಯುವ ಮೊದಲು ಒಂದು ಖಾಲಿ ಹಾಳೆ ತರಲು ಹೇಳಿದರು. "ಸಭೆಯಲ್ಲಿ ಶಾಸಕರ ಮುಂದೆ ಇಡೋ ಕೊನೆ ಪುಟ ಹೇಗಿರಬೇಕೋ ಅದನ್ನು ಮೊದಲು ಬರೀರಿ. ಆಮೇಲೆ ಯಾವ ಅಂಕಣ ಯಾರಿಗೆ ಗೊತ್ತು ಅಂತ ಹಂಚೋಣ" ಅಂದರು. ಹಾಗೆ ಮಾಡಿದಾಗ ತಿಳಿದದ್ದು, ಆ ಕೊನೆಯ ಪುಟಕ್ಕೆ ನಮಗೆ ಬೇಕಾದದ್ದು ಬಹಳ ಕಡಿಮೆ. ಊರಿಗೆ ವಾರದಲ್ಲಿ ಎಷ್ಟು ದಿನ ನಲ್ಲಿ ನೀರು ಬರುತ್ತದೆ, ಟ್ಯಾಂಕರ್ ಹೋಗುತ್ತಿದೆಯೇ, ಕೊರೆದ ಬೋರ್‌ವೆಲ್‌ಗೆ ಕರೆಂಟ್ ಬಂದಿದೆಯೇ, ನೀರು ಕುಡಿಯಲು ಯೋಗ್ಯವೇ, ದನಕರುಗಳಿಗೆ ತೊಟ್ಟಿ ಇದೆಯೇ. 'ಸಮಗ್ರ ಮಾಹಿತಿ'ಗೆ ಬಂದಿದ್ದ ಹನ್ನೊಂದು ಪುಟದ ವರದಿಯಲ್ಲಿ ಇವುಗಳಲ್ಲಿ ಎರಡಕ್ಕೆ ಉತ್ತರವೇ ಇರಲಿಲ್ಲ.

ಆಮೇಲೆ ಸಮಸ್ಯೆ ಅಂದರೇನು ಎಂದು ಒಂದು ವಾಕ್ಯದಲ್ಲಿ ಬರೆದೆವು. ತಲೆಗೆ ದಿನಕ್ಕೆ 55 ಲೀಟರ್ ಎಂಬ ಜಲ ಜೀವನ್ ಮಿಷನ್ ಅಳತೆಯನ್ನು ಇಡೋಣ ಎಂಬ ಮಾತು ಬಂತು. ಅದು ಸರಿಯಾದ ಅಳತೆಯೇ. ಆದರೆ ಮಾರ್ಚ್ ತಿಂಗಳಲ್ಲಿ ನೀರುಗಂಟಿ ಅದನ್ನು ಅಳೆದು ಹೇಳಲಾರ, ಕೇಳಿದರೆ ಊಹೆಯ ಅಂಕಿ ಬರುತ್ತದೆ. ಹಾಗಾಗಿ ಯಾರೂ ಕಣ್ಣಿನಿಂದ ನೋಡಿ ಹೇಳಬಹುದಾದದ್ದನ್ನು ಆರಿಸಿದೆವು: 10ನೇ ತಾರೀಖಿಗೆ ಕೊನೆಗೊಳ್ಳುವ ವಾರದಲ್ಲಿ ಸತತ ಮೂರು ದಿನ ನಲ್ಲಿಯಲ್ಲಿ ನೀರು ಬಾರದ, ಇಲ್ಲವೇ ಟ್ಯಾಂಕರ್ ಹೋಗುತ್ತಿರುವ ಜನವಸತಿ. ಮೋಟಾರು ಸುಟ್ಟು ಎರಡು ದಿನ ನಿಂತ ಊರು ಇದರಲ್ಲಿ ಬರುವುದಿಲ್ಲ. ಹಟ್ಟಿ ಬರುತ್ತದೆ.

ನಮೂನೆಯ ವಿಷಯದಲ್ಲಿ ನಾನು ಕಲಿತ ದೊಡ್ಡ ಪಾಠ, ಊರಿನ ಹೆಸರನ್ನು ಉತ್ತರ ಕೊಡುವವರಿಂದ ಬರೆಸಬಾರದು ಎನ್ನುವುದು. ಹಿಂದಿನ ಸಲ ಒಬ್ಬರು 'ಹೊಸಹಳ್ಳಿ', ಇನ್ನೊಬ್ಬರು 'ಹೊಸಳ್ಳಿ', ಮತ್ತೊಬ್ಬರು 'ಎಚ್. ಹಳ್ಳಿ' ಎಂದು ಬರೆದಿದ್ದರು. ನಮ್ಮ ತಾಲ್ಲೂಕಿನಲ್ಲಿ ಹೊಸಹಳ್ಳಿಗಳೇ ಮೂರು. ಈ ಸಲ ಹಿಂದಿನ ಎರಡು ಬೇಸಿಗೆಯಲ್ಲಿ ತೊಂದರೆ ಕಂಡ 38 ಜನವಸತಿಗಳ ಹೆಸರನ್ನು ನಾವೇ ಟೈಪು ಮಾಡಿ, ಪಕ್ಕದಲ್ಲಿ ಪಂಚಾಯಿತಿಯ ಹೆಸರು, ಮುಂದೆ ಕ್ರಮ ಸಂಖ್ಯೆ ಹಾಕಿದೆವು. ಕೊನೆಗೆ ಹೊಸದಾಗಿ ತೊಂದರೆ ಕಂಡ ಊರುಗಳಿಗೆ ಹತ್ತು ಖಾಲಿ ಸಾಲು. ಅದೇ 38 ಸಾಲು, ಅದೇ ಕ್ರಮ, ಐದೂ ಕಚೇರಿಗೆ. ಯಾರ ಹಾಳೆ ಮೊದಲು ಬಂದರೂ ಕ್ರಮ ಸಂಖ್ಯೆ ಹಿಡಿದು ಪಕ್ಕಪಕ್ಕ ಜೋಡಿಸಿದರೆ ಆಯಿತು.

ಒಂದೊಂದು ಕಚೇರಿಗೂ ಬಿಟ್ಟದ್ದು ಮೂರೇ ಅಂಕಣ, ಅದೂ ಆ ಕಚೇರಿಯ ರಿಜಿಸ್ಟರಿನಲ್ಲಿ ಈಗಾಗಲೇ ಇರುವಂಥದ್ದು. ಕುಡಿಯುವ ನೀರು ಉಪವಿಭಾಗಕ್ಕೆ: ನಡೆಯುತ್ತಿರುವ ಬೋರ್‌ವೆಲ್ ಎಷ್ಟು, ಕೊರೆದು ಕರೆಂಟಿಗಾಗಿ ಕಾದಿರುವುದು ಎಷ್ಟು, ವಿದ್ಯುತ್ ಕಂಪನಿಗೆ ಠೇವಣಿ ಕಟ್ಟಿದ ತಾರೀಖು ಯಾವುದು. ವಿದ್ಯುತ್ ಕಂಪನಿಯ ಉಪವಿಭಾಗಕ್ಕೆ: ಅರ್ಜಿ ನೋಂದಣಿಯಾದ ತಾರೀಖು, ಈಗ ಯಾವ ಹಂತದಲ್ಲಿದೆ, ಸಂಪರ್ಕ ಕೊಡುವ ತಾರೀಖು. ತಹಶೀಲ್ದಾರ್ ಕಚೇರಿಗೆ ಟ್ಯಾಂಕರ್ ಮತ್ತು ಬಾಡಿಗೆಗೆ ಪಡೆದ ಖಾಸಗಿ ಬೋರ್‌ವೆಲ್. ತಾಲ್ಲೂಕು ಆರೋಗ್ಯಾಧಿಕಾರಿಗೆ ನೀರಿನ ಮಾದರಿ ಪರೀಕ್ಷೆ. ಪಶುಪಾಲನಾ ಇಲಾಖೆಗೆ ತೊಟ್ಟಿ ಮತ್ತು ಜಾನುವಾರು. ನಲ್ಲಿ ನೀರು ಎಷ್ಟು ದಿನ ಎಂಬುದನ್ನು ಪಿಡಿಒಗಳಿಂದ ನಾವೇ ತರಿಸಿಕೊಂಡೆವು. ಒಂದೇ ಸಂಗತಿಯನ್ನು ಇಬ್ಬರಿಗೆ ಕೇಳಲಿಲ್ಲ, ಕರೆಂಟಿನದೊಂದನ್ನು ಬಿಟ್ಟು. ಅದನ್ನು ಬೇಕೆಂದೇ ಎರಡೂ ಕಡೆ ಕೇಳಿದೆವು. ಏಕೆಂದು ಮುಂದೆ ಹೇಳುತ್ತೇನೆ.

ಖಾಲಿ ಬಿಟ್ಟ ಚೌಕಕ್ಕೆ ಏನರ್ಥ ಎಂಬುದನ್ನೂ ನಮೂನೆಯಲ್ಲೇ ಬರೆಯಬೇಕಾಯಿತು. ಹಿಂದಿನ ಸಭೆಯ ಆರೋಗ್ಯ ಇಲಾಖೆಯ ಪಟ್ಟಿಯಲ್ಲಿ ನಾಲ್ಕು ಊರುಗಳ ಮುಂದೆ ಒಂದು ಗೆರೆ ಎಳೆದಿತ್ತು. ತೊಂದರೆ ಏನೂ ಇಲ್ಲ ಎಂದು ನಾನು ಓದಿಕೊಂಡು ಪುಸ್ತಿಕೆಯಲ್ಲಿ 'ಯೋಗ್ಯ' ಎಂದು ಹಾಕಿಬಿಟ್ಟೆ. ಆ ನಾಲ್ಕು ಊರುಗಳಿಂದ ಮಾದರಿಯನ್ನೇ ತೆಗೆದಿರಲಿಲ್ಲ ಎಂಬುದು ಅದೇ ಎರಡು ದಿನ ಕೂತು ಬಿಡಿಸುವಾಗ ಗೊತ್ತಾಯಿತು. ನೀರು ಪರೀಕ್ಷೆಯೇ ಆಗದ ಊರಿಗೆ ನಾನು ಯೋಗ್ಯ ಎಂದು ಬರೆದಿದ್ದೆ. ಇಂದಿಗೂ ಅದು ನೆನಪಾದರೆ ಮನಸ್ಸು ಮುದುಡುತ್ತದೆ. ಆದ್ದರಿಂದ ಈ ಸಲ ಹಾಳೆಯ ತಲೆಯ ಮೇಲೇ ಬರೆದೆವು: ನೋಡಿದ್ದೇವೆ, ಏನೂ ಇಲ್ಲ ಎಂದಾದರೆ 0. ಇನ್ನೂ ನೋಡಿಲ್ಲ ಎಂದಾದರೆ 'ನೋಡಿಲ್ಲ'. ಖಾಲಿ ಬಿಟ್ಟರೆ ಉತ್ತರ ಬಂದಿಲ್ಲ ಎಂದು ತಿಳಿದು ಫೋನ್ ಮಾಡುತ್ತೇವೆ. ಗೆರೆ ಎಳೆಯಬೇಡಿ.

ಇನ್ನು ತಾರೀಖು. ನಾನು ಮೊದಲೆಲ್ಲ ಒಂದೊಂದು ಕಚೇರಿಗೆ ಒಂದೊಂದು ಗಡುವು ಕೊಡುತ್ತಿದ್ದೆ. ಹತ್ತಿರದವರಿಗೆ ಬೇಗ, ಕ್ಷೇತ್ರ ಸಿಬ್ಬಂದಿ ಹೆಚ್ಚಿರುವವರಿಗೆ ತಡ. ದಾಕ್ಷಿಣ್ಯಕ್ಕೆ ಮಾಡಿದ್ದು. ಆದರೆ ಎಲ್ಲ ಸೇರದೆ ಪುಸ್ತಿಕೆ ಆಗುವುದಿಲ್ಲವಾದ್ದರಿಂದ ನಿಜವಾದ ಗಡುವು ಕೊನೆಯವರದೇ ಆಗುತ್ತಿತ್ತು, ಬೇಗ ಕೊಟ್ಟವರ ಅಂಕಿ ಅಷ್ಟರಲ್ಲಿ ಹಳಸುತ್ತಿತ್ತು. ಇನ್ನೊಂದು ತಪ್ಪೂ ಮಾಡುತ್ತಿದ್ದೆ. ನಿಜವಾಗಿ ಬೇಕಾದ ದಿನಕ್ಕಿಂತ ಮೂರು ದಿನ ಮುಂಚಿನ ತಾರೀಖು ಬರೆಯುವುದು. ಎರಡು ಸಲ ಹಾಗೆ ಮಾಡಿದ ಮೇಲೆ ಎಲ್ಲರಿಗೂ ಅದು ಗೊತ್ತಾಗಿ, ನನ್ನ ತಾರೀಖಿನ ಮೇಲೆ ಮೂರು ದಿನ ಸೇರಿಸಿಯೇ ಕೆಲಸ ಶುರು ಮಾಡುತ್ತಿದ್ದರು.

ಈ ಸಲ ಸಭೆಯಿಂದ ಹಿಂದಕ್ಕೆ ಎಣಿಸಿದೆವು. 18ರ ಬೆಳಿಗ್ಗೆ ಪುಸ್ತಿಕೆ ಎಲ್ಲರ ಕೈಯಲ್ಲಿರಬೇಕಾದರೆ 17ರ ಸೋಮವಾರ ಸಂಜೆ ಜೆರಾಕ್ಸ್ ಮುಗಿಯಬೇಕು. ಜೋಡಿಸಿ ಟೈಪು ಮಾಡಲು ಸೋಮವಾರದ ಹಗಲು. ಅನುಮಾನ ಬಂದ ಅಂಕಿಗಳಿಗೆ ಫೋನ್ ಮಾಡಿ ಸರಿಪಡಿಸಲು ಶುಕ್ರವಾರ ಮತ್ತು ಶನಿವಾರ. 15 ಮೂರನೇ ಶನಿವಾರ, ಕಚೇರಿ ಇದೆ. ಹಾಗಾದರೆ ಗಡುವು 13ನೇ ತಾರೀಖು ಗುರುವಾರ. ಹೊತ್ತು ಮಧ್ಯಾಹ್ನ 3 ಗಂಟೆ. 'ಕಚೇರಿ ವೇಳೆಯೊಳಗೆ' ಎಂದು ಬರೆದರೆ ಐದೂವರೆಗೆ ಬರುತ್ತದೆ, ಆ ಹೊತ್ತಿಗೆ ಫೋನ್ ಮಾಡಿದರೆ ಯಾರೂ ಸಿಗುವುದಿಲ್ಲ. ಮೂರಕ್ಕೆ ಇಟ್ಟರೆ ಬಾರದವರನ್ನು ಹಿಡಿಯಲು ಎರಡು ಗಂಟೆ ಉಳಿಯುತ್ತದೆ.

ಕಾಗದ ಹೊರಡುವ ದಿನವನ್ನೂ ಹೀಗೇ ಎಣಿಸಬೇಕು. ತಾಲ್ಲೂಕು ಕಚೇರಿಯಲ್ಲಿ ಕಾಗದ ಬಂದ ದಿನವೇ ಉತ್ತರ ಸಿಗುವುದಿಲ್ಲ. ಎಇಇ ತಮ್ಮ ಕಿರಿಯ ಇಂಜಿನಿಯರುಗಳನ್ನು ಕೇಳಬೇಕು, ವಿದ್ಯುತ್ ಕಂಪನಿಯವರು ಶಾಖಾಧಿಕಾರಿಗಳನ್ನು ಕೇಳಬೇಕು, ಅವರು ಲೈನ್‌ಮನ್‌ಗಳನ್ನು. ಎರಡು ಮೆಟ್ಟಿಲು ಇಳಿದು ಎರಡು ಮೆಟ್ಟಿಲು ಹತ್ತುವ ಕೆಲಸ. ನಾಲ್ಕೈದು ಕೆಲಸದ ದಿನ ಬೇಕೇ ಬೇಕು. 8 ಎರಡನೇ ಶನಿವಾರ, 9 ಭಾನುವಾರ. ಅದಕ್ಕೇ 6ನೇ ತಾರೀಖು ಗುರುವಾರವೇ ಕಾಗದ ಕಳುಹಿಸಿದೆವು. ಸೋಮವಾರ ಕಳುಹಿಸಿದ್ದರೆ ಕೈಗೆ ಸಿಗುತ್ತಿದ್ದದ್ದು ಮೂರು ದಿನ. ವಿಧಾನಮಂಡಲ ಅಧಿವೇಶನ ನಡೆಯುವಾಗಲಂತೂ ಎಲ್ಲ ಕಚೇರಿಗಳಲ್ಲೂ ಸದನದ ಪ್ರಶ್ನೆಗೆ ಉತ್ತರ ಕೊಡುವ ಗಡಿಬಿಡಿ ಇರುತ್ತದೆ. ಆಗ ಇನ್ನೂ ಒಂದು ದಿನ ಹೆಚ್ಚು ಕೊಡುವುದು ಒಳ್ಳೆಯದು.

ಕೊನೆಗೆ ಬರೆದ ಕಾಗದ ಅರ್ಧ ಪುಟಕ್ಕಿಂತ ಕಡಿಮೆ. ಅದರ ಮುಖ್ಯ ಭಾಗ ಹೀಗಿತ್ತು:

"ದಿನಾಂಕ 18ರಂದು ನಡೆಯುವ ಸಭೆಗಾಗಿ, ಲಗತ್ತಿಸಿದ ಹಾಳೆಯಲ್ಲಿ ಪಟ್ಟಿ ಮಾಡಿರುವ 38 ಜನವಸತಿಗಳ ಮುಂದೆ ನಿಮ್ಮ ಕಚೇರಿಗೆ ಸಂಬಂಧಿಸಿದ ಮೂರು ಅಂಕಣಗಳನ್ನು ಮಾತ್ರ ಭರ್ತಿ ಮಾಡಿ ಕಳುಹಿಸಲು ಕೋರಿದೆ. ಮಾಹಿತಿ 10ನೇ ತಾರೀಖು ಸೋಮವಾರ ಬೆಳಿಗ್ಗೆಯ ಸ್ಥಿತಿಯದ್ದಾಗಿರಲಿ. ಕೊನೆಯ ಸಮಯ 13ನೇ ತಾರೀಖು ಗುರುವಾರ ಮಧ್ಯಾಹ್ನ 3 ಗಂಟೆ. ಕೆಳಕಂಡ ಐದೂ ಕಚೇರಿಗಳಿಗೆ ಇದೇ ಸಮಯ. 17ರಂದು ಪುಸ್ತಿಕೆ ಮುದ್ರಣಕ್ಕೆ ಹೋಗುವುದರಿಂದ ತಾರೀಖು ಮುಂದೂಡಲಾಗದು. ಭರ್ತಿ ಮಾಡಿದ ಹಾಳೆಯನ್ನು ಇ-ಮೇಲ್‌ನಲ್ಲಿ ಕಳುಹಿಸಿದರೆ ಸಾಕು. ಸಹಿ ಮಾಡಿದ ಪ್ರತಿಯನ್ನು ಸಭೆಗೆ ತನ್ನಿ. ಅನುಮಾನವಿದ್ದರೆ ಈ ಕಚೇರಿಯ ವಿಷಯ ನಿರ್ವಾಹಕರನ್ನು ಕೇಳಿ."

ಕೆಳಗೆ ನನ್ನ ಹೆಸರು, ಮೊಬೈಲ್ ಸಂಖ್ಯೆ. ಅದರ ಕೆಳಗೆ ಐದೂ ಕಚೇರಿಗಳ ಹೆಸರು ಮತ್ತು ಯಾರು ಯಾವ ಅಂಕಣ ತುಂಬಬೇಕು ಎಂಬ ಸಾಲು.

ಈ ಕಾಗದದಲ್ಲಿ ಎರಡು ಸಂಗತಿಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಒಂದು, ಸಹಿಯ ಮಾತು. ಬಹಳ ಸಲ ಮಾಹಿತಿ ಎರಡೇ ದಿನದಲ್ಲಿ ತಯಾರಾಗಿ, ಸಾಹೇಬರು ಕ್ಯಾಂಪಿನಲ್ಲಿದ್ದಾರೆ ಎಂದು ಸಹಿಗಾಗಿ ಮೂರು ದಿನ ಟೇಬಲ್ ಮೇಲೆ ಮಲಗಿರುತ್ತದೆ. ಅಂಕಿ ಮೊದಲು, ಸಹಿ ಆಮೇಲೆ ಎಂದು ಬಿಡಿಸಿದ್ದರಿಂದ ಆ ಮೂರು ದಿನ ಉಳಿಯಿತು. ಸಹಿ ಪ್ರತಿಯಲ್ಲಿ ಅಂಕಿ ಬದಲಾಗಿದ್ದರೆ ಅಧಿಕಾರಿಗಳು ಸಭೆಯಲ್ಲೇ ಹೇಳಲಿ ಎಂದೂ ತಿಳಿಸಿದ್ದೆವು. ಇನ್ನೊಂದು, ಯಾರ ಮಾತಿನ ಮೇಲೆ ಕೇಳುತ್ತಿದ್ದೇವೆ ಎಂಬುದು. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ ವಿದ್ಯುತ್ ಕಂಪನಿಯ ಎಇಇಗೆ ಮೇಲಧಿಕಾರಿಯಲ್ಲ. 'ಸೂಚಿಸಿದೆ' ಎಂದು ಬರೆದರೆ ಅವರಿಗೆ ಮುಜುಗರ, ನಮಗೆ ಪ್ರಯೋಜನವಿಲ್ಲ. ಹಾಗಾಗಿ ಉಲ್ಲೇಖದಲ್ಲಿ ಹಿಂದಿನ ಟಾಸ್ಕ್ ಫೋರ್ಸ್ ಸಭೆಯ ನಡವಳಿಯನ್ನು ತೋರಿಸಿ, ಕಾಗದದಲ್ಲಿ 'ಕೋರಿದೆ' ಎಂದೇ ಬರೆದು, ಅವರ ವಿಭಾಗ ಕಚೇರಿಯ ಕಾರ್ಯನಿರ್ವಾಹಕ ಇಂಜಿನಿಯರಿಗೆ ಒಂದು ಪ್ರತಿ ಹಾಕಿದೆವು.

ಕಾಗದ ಹೋದ ಮೇಲಿನ ಕೆಲಸವೂ ಇದೆ. 7ನೇ ತಾರೀಖು ಐದೂ ಕಚೇರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಈ ಕಾಗದವನ್ನು ನಿಮ್ಮಲ್ಲಿ ಯಾರು ನೋಡಿಕೊಳ್ಳುತ್ತಾರೆ? ಆ ವ್ಯಕ್ತಿಯ ಹೆಸರನ್ನು ಬರೆದುಕೊಂಡೆ. ಒಂದು ಕಚೇರಿಯಲ್ಲಿ ಕಾಗದ ಟಪಾಲಿನಲ್ಲೇ ಇತ್ತು, ಯಾರ ಹೆಸರಿಗೂ ಬರೆದಿರಲಿಲ್ಲ. ಗಡುವು ಮೀರಿದ ಮೇಲೆ ನೆನಪೋಲೆ ಕಳುಹಿಸುವ ಬದಲು ಹಿಂದಿನ ದಿನ, ಅಂದರೆ 12ನೇ ತಾರೀಖು ಬೆಳಿಗ್ಗೆ ಮತ್ತೆ ಒಂದು ಕರೆ. "ಯಾವ ಅಂಕಣ ತೊಡಕಾಗಿದೆ ಸರ್?" ಎಂದು ಕೇಳಿದೆ. ಪಶುಪಾಲನಾ ಇಲಾಖೆಯ ಒಬ್ಬರು ಜಾನುವಾರು ಗಣತಿ ಗ್ರಾಮವಾರು ಮಾತ್ರ ಇದೆ, ಹಟ್ಟಿವಾರು ಇಲ್ಲ ಎಂದರು. ಅದು ನಮ್ಮ ನಮೂನೆಯ ತಪ್ಪು. ಮೂಲ ಊರಿನ ಅಂಕಿಯನ್ನೇ ಕೊಟ್ಟು ಪಕ್ಕದಲ್ಲಿ 'ಗ್ರಾಮದ್ದು' ಎಂದು ಬರೆಯಿರಿ ಎಂದೆ. ಆ ಕರೆ ಮಾಡದಿದ್ದರೆ ಅವರ ಹಾಳೆ ಬರುತ್ತಿರಲಿಲ್ಲ, ಇಲ್ಲವೇ ಊಹೆಯ ಅಂಕಿ ಬರುತ್ತಿತ್ತು.

13ರ ಮೂರು ಗಂಟೆಗೆ ನಾಲ್ಕು ಹಾಳೆ ಬಂದಿದ್ದವು. ಐದನೆಯದು ನಾಲ್ಕು ಗಂಟೆಗೆ ಬಂತು. ಒಂದರಲ್ಲಿ ಷರಾ ಅಂಕಣ ತೆರೆದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದರು. ಆ ಫಾಂಟುಗಳಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಬೇರೆ ಫಾಂಟಿನ ಹಾಳೆಗೆ ಅಂಟಿಸಿದ ಕೂಡಲೇ ಅವೇ ಹೊರಬರುತ್ತವೆ. ಹಿಂದಿನ ಸಲ ಇಡೀ ಊರುಗಳ ಪಟ್ಟಿಯೇ ಹೀಗಾಗಿ ರಾತ್ರಿ ಎಂಟರವರೆಗೆ ಮತ್ತೆ ಟೈಪು ಮಾಡಿದ್ದೆ. ಈ ಸಲ ಊರಿನ ಹೆಸರುಗಳನ್ನು ನಾವೇ ಯೂನಿಕೋಡ್‌ನಲ್ಲಿ ಹಾಕಿದ್ದರಿಂದ, ತುಂಬಬೇಕಾದದ್ದು ಬಹುಪಾಲು ಅಂಕಿ ಮತ್ತು ತಾರೀಖು ಆಗಿದ್ದರಿಂದ, ಕೆಟ್ಟದ್ದು ನಾಲ್ಕೇ ಸಾಲು.

ಈಗ ಕರೆಂಟಿನ ಮಾತಿಗೆ ಬರುತ್ತೇನೆ. ಕುಡಿಯುವ ನೀರು ಉಪವಿಭಾಗದ ಹಾಳೆಯಲ್ಲಿ ಕೊರೆದು ಕರೆಂಟಿಗಾಗಿ ಕಾದಿದ್ದ ಬೋರ್‌ವೆಲ್ 7. ವಿದ್ಯುತ್ ಕಂಪನಿಯ ಹಾಳೆಯಲ್ಲಿ ಬಾಕಿ ಇರುವ ಅರ್ಜಿ 2. ಹಳೆಯ ರೀತಿಯಲ್ಲಾದರೆ ಈ ಎರಡು ಅಂಕಿ ಸಭೆಯಲ್ಲಿ ಎದುರುಬದುರಾಗಿ ನಿಂತು ಜಗಳವಾಗುತ್ತಿತ್ತು. ಈ ಸಲ ಊರುವಾರು ಸಾಲುಗಳಿದ್ದವು, ತಾರೀಖುಗಳಿದ್ದವು. ಎರಡು ಹಾಳೆಯನ್ನು ಪಕ್ಕಪಕ್ಕ ಇಟ್ಟು ಶುಕ್ರವಾರ ಬೆಳಿಗ್ಗೆ ನೋಡಿದೆ. ಏಳರಲ್ಲಿ ಎರಡಕ್ಕೆ ಠೇವಣಿ ಕಟ್ಟಿ ಆಗಿತ್ತು, ಅವೇ ಕಂಪನಿಯ ಎರಡು. ಇನ್ನು ಮೂರಕ್ಕೆ ಕಂಪನಿ ಅಂದಾಜು ಪಟ್ಟಿ ಕೊಟ್ಟಿತ್ತು, ಈ ಕಡೆಯಿಂದ ಹಣ ಕಟ್ಟಿರಲಿಲ್ಲ. ಹಣ ಕಟ್ಟುವವರೆಗೆ ಕಂಪನಿ ಅದನ್ನು ಬಾಕಿ ಎಂದು ಎಣಿಸುವುದಿಲ್ಲ. ಉಳಿದ ಎರಡರ ಅರ್ಜಿ ಕಂಪನಿಯಲ್ಲಿ ನೋಂದಣಿಯಾಗಿಯೇ ಇರಲಿಲ್ಲ. ಒಂದು ಇಂಜಿನಿಯರ್ ವರ್ಗವಾಗಿ ಹೋದಾಗ ಕಡತದಲ್ಲೇ ಉಳಿದಿತ್ತು. ಇನ್ನೊಂದು ಆ ಗೊಲ್ಲರಹಟ್ಟಿಯದು. ಅರ್ಜಿಯಲ್ಲಿ ಮೂಲ ಊರಿನ ಹೆಸರು ಬರೆದಿದ್ದರು. ಆ ಊರಿನ ಬೋರ್‌ವೆಲ್‌ಗೆ ಆಗಲೇ ಆರ್‌ಆರ್ ನಂಬರ್ ಇದ್ದುದರಿಂದ ಒಂದೇ ಅರ್ಜಿ ಎರಡು ಸಲ ಬಂದಿದೆ ಎಂದು ತಿಳಿದು ಶಾಖೆಯಲ್ಲಿ ಪಕ್ಕಕ್ಕಿಟ್ಟಿದ್ದರು.

ಶಾಖಾಧಿಕಾರಿಗೆ ಫೋನ್ ಮಾಡಿದೆ. "ಅದು ಊರಿನ ಬೋರ್ ಅಲ್ಲ ಸರ್, ಹಟ್ಟಿದು. ಸ್ಥಳ ಬೇರೆ" ಎಂದೆ. ಸ್ವಲ್ಪ ಹೊತ್ತು ಕಾಗದ ಮಗುಚುವ ಸದ್ದು ಕೇಳಿತು. "ಹೌದಲ್ಲ. ಸರ್ವೆ ಲೈನ್ ಬೇರೆ ಕಡೆ ತೋರಿಸ್ತಿದೆ. ಹೊಸ ಅರ್ಜಿ ಕೊಡಿ, ಹೆಸರು ಹಟ್ಟಿ ಅಂತ ಬರೀರಿ, ಟಿಸಿ ಅಲ್ಲೇ ಹತ್ತಿರ ಇದೆ" ಅಂದರು. ಒಂದೇ ಸಂಗತಿಯನ್ನು ಎರಡು ಕಡೆ ಕೇಳಿದ್ದು ಇದಕ್ಕೇ. ಹಣ ಅಥವಾ ಕಡತ ಒಂದು ಕಚೇರಿಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಮಾತ್ರ ಹೀಗೆ ಎರಡೂ ದಡದಿಂದ ಕೇಳಬೇಕು, ಎರಡೂ ಕಡೆ ತಾರೀಖು ಕೇಳಬೇಕು. ಉಳಿದ ಕಡೆ ಇಬ್ಬರಿಗೆ ಕೇಳಿದರೆ ಕೆಲಸ ಹೆಚ್ಚು, ಗೊಂದಲವೂ ಹೆಚ್ಚು.

ಪುಸ್ತಿಕೆ ಮುದ್ರಣಕ್ಕೆ ಹೋಗುವಾಗ ಆರೋಗ್ಯ ಇಲಾಖೆಯ ಹಾಳೆಯಲ್ಲಿ ಆರು ಸಾಲು 'ನೋಡಿಲ್ಲ' ಎಂದೇ ಉಳಿದಿದ್ದವು. ಹಳೆಯ ವರದಿಯಿಂದ ತುಂಬಿಬಿಡೋಣವೇ ಎಂದು ಒಬ್ಬರು ಕೇಳಿದರು. ಬೇಡ ಎಂದೆ. ಹಾಗೆಯೇ 'ಪರೀಕ್ಷೆ ಆಗಿಲ್ಲ, 10ನೇ ತಾರೀಖಿಗೆ' ಎಂದು ಅಚ್ಚಾಯಿತು. ಇದನ್ನು ಓದಿ ಇಲಾಖೆಯವರಿಗೆ ಬೇಸರವಾಗಬಹುದು ಎಂಬ ಅಂಜಿಕೆ ಇತ್ತು. ಆದರೆ ಸಭೆಗೆ ಬರುವಾಗ ಅವರು ಆರು ಊರುಗಳ ಮಾದರಿ ತೆಗೆಯುವ ದಿನಗಳನ್ನು ಬರೆದುಕೊಂಡೇ ಬಂದಿದ್ದರು.

ಸಭೆಯಲ್ಲಿ ಶಾಸಕರು ಅದೇ ಪ್ರಶ್ನೆ ಕೇಳಿದರು. ಈ ಸಲ ಉತ್ತರ ಒಂದೇ: 26 ಜನವಸತಿ, 10ನೇ ತಾರೀಖಿಗೆ. ಹೆಸರು ಎರಡನೇ ಪುಟದಲ್ಲಿ. ಆ ಪ್ರಶ್ನೆ ಎರಡು ನಿಮಿಷದಲ್ಲಿ ಮುಗಿದು, ಉಳಿದ ಹೊತ್ತೆಲ್ಲ ಕರೆಂಟಿಲ್ಲದ ಏಳು ಬೋರ್‌ವೆಲ್‌ಗಳ ಮೇಲೆ ಚರ್ಚೆ ನಡೆಯಿತು. ಮೂರಕ್ಕೆ ಠೇವಣಿ ಯಾವ ಅನುದಾನದಿಂದ ಕಟ್ಟಬೇಕು ಎಂಬುದು ಅಲ್ಲೇ ತೀರ್ಮಾನವಾಯಿತು.

ಈ ಪದ್ಧತಿ ಎಲ್ಲಕ್ಕೂ ಒಗ್ಗುವುದಿಲ್ಲ ಎಂಬುದನ್ನೂ ಹೇಳಬೇಕು. ಅಂಕಿ, ತಾರೀಖು, ಹೌದು-ಇಲ್ಲ ಎಂಬಂಥ ಉತ್ತರಗಳಿಗೆ ಅಂಕಣ ಸಾಕು. ಇಲಾಖೆಗಳ ಅಭಿಪ್ರಾಯ ಕೇಳುವಾಗ, ಉದಾಹರಣೆಗೆ ಹಳೆಯ ಕೆರೆಯಿಂದ ಕುಡಿಯುವ ನೀರು ಎತ್ತಬಹುದೇ ಎಂದು ಕೇಳುವಾಗ, ಮೂರು ಅಂಕಣದಲ್ಲಿ ಅದು ಹಿಡಿಸುವುದಿಲ್ಲ. ಅಲ್ಲಿ ನಾವು ಬೇರೆ ನಮೂನೆ ಮಾಡಿಕೊಂಡೆವು: ಒಪ್ಪಿಗೆ, ಷರತ್ತಿನ ಮೇಲೆ ಒಪ್ಪಿಗೆ, ಆಕ್ಷೇಪ ಇವುಗಳಲ್ಲಿ ಒಂದು, ಅದಕ್ಕೆ ಕಾರಣ ಐದು ಸಾಲು ಮೀರದಂತೆ. ಆಕ್ಷೇಪವಿದ್ದರೆ ಏನು ಬದಲಾದರೆ ಒಪ್ಪುತ್ತೀರಿ ಎಂಬುದು ಕೊನೆಯ ಸಾಲು. ಅದು ಚೆನ್ನಾಗಿ ನಡೆಯಿತು, ಆದರೆ ಅಂಥ ಕಾಗದಕ್ಕೆ ಐದು ದಿನ ಸಾಲದು, ಹತ್ತು ಬೇಕು. ಅಭಿಪ್ರಾಯಕ್ಕೆ ಅಧಿಕಾರಿಯ ಸಹಿ ಮೊದಲೇ ಇರಬೇಕು, ಅಲ್ಲಿ ಇ-ಮೇಲ್ ಹಾಳೆ ನಡೆಯುವುದಿಲ್ಲ. ನಮೂನೆ ತಿಂಗಳು ತಿಂಗಳು ಒಂದೊಂದು ಅಂಕಣ ಬೆಳೆಯುವುದು ಇನ್ನೊಂದು ಕಾಯಿಲೆ. ಒಬ್ಬರು ಇದೂ ಇರಲಿ ಎನ್ನುತ್ತಾರೆ, ಇನ್ನೊಬ್ಬರು ಅದೂ ಇರಲಿ ಎನ್ನುತ್ತಾರೆ. ಮೂರು ಅಂಕಣ ಏಳಾದ ತಿಂಗಳು ಗಡುವಿಗೆ ಬಂದದ್ದು ಎರಡೇ ಹಾಳೆ. ಕೊನೆಯ ಪುಟದಲ್ಲಿ ಅಚ್ಚಾಗದ ಅಂಕಣವನ್ನು ತೆಗೆದುಹಾಕಿದ ಮೇಲೆ ಮತ್ತೆ ಸರಿಹೋಯಿತು.

ಕಚೇರಿಯಲ್ಲಿ ಇಂಥ ಕಾಗದ ಬರೆಯುವ ನನ್ನ ಜೊತೆಯವರಲ್ಲಿ ಒಂದು ವಿನಂತಿ: ನಾಳೆ ಕಳುಹಿಸುವ ಕಾಗದದಲ್ಲಿ 'ಸಮಗ್ರ' ಮತ್ತು 'ಕೂಡಲೇ' ಎಂಬ ಎರಡು ಪದ ಹೊಡೆದುಹಾಕಿ, ಅವುಗಳ ಜಾಗದಲ್ಲಿ ಅಂಕಣದ ಹೆಸರು ಮತ್ತು ಗಂಟೆ ಬರೆಯಿರಿ. ಗ್ರಾಮ ಸಭೆಯಲ್ಲಿ ಕೂರುವ ಓದುಗರಲ್ಲೂ ಒಂದು ಮಾತು. ಯಾರಾದರೂ ಇಷ್ಟು ಊರಿಗೆ ನೀರು ಕೊಟ್ಟಿದ್ದೇವೆ ಎಂದರೆ, ನಿಮ್ಮ ಲೆಕ್ಕ ಗ್ರಾಮದ್ದೋ ಜನವಸತಿಯದ್ದೋ, ಯಾವ ತಾರೀಖಿನದು ಎಂದು ಕೇಳಿ. ಹೀಗೆ ಕೇಳಿದರೆ ಪಟ್ಟಿಯಿಂದ ಬಿಟ್ಟುಹೋದ ಹಟ್ಟಿ, ಕಾಲೊನಿ ಹೊರಬರುತ್ತವೆ.

ಗೊಲ್ಲರಹಟ್ಟಿಯ ಹೊಸ ಅರ್ಜಿ ಸಭೆಗೂ ಮೊದಲೇ, 17ರ ಸೋಮವಾರ ನೋಂದಣಿಯಾಯಿತು. ಮುಂದಿನ ತಿಂಗಳ ಹಾಳೆಯಲ್ಲಿ ಅದರ ಸಾಲಿನ ಮುಂದೆ ಪಿಡಿಒ ಬರೆದು ಕಳುಹಿಸಿದ್ದು: ನಲ್ಲಿ ನೀರು, ವಾರಕ್ಕೆ 6 ದಿನ.